ಫೆಬ್ರವರಿಯ 300 ರೂಪಾಯಿ

ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರ ಪೇ ಸ್ಲಿಪ್‌ನಲ್ಲಿ ವೃತ್ತಿ ತೆರಿಗೆ ಎಂದು 200 ರೂಪಾಯಿ ಕಡಿತವಾಗಿರುತ್ತದೆ. 2025ರ ಏಪ್ರಿಲ್‌ನಿಂದ ಇದರಲ್ಲೊಂದು ಸಣ್ಣ ಬದಲಾವಣೆಯಾಗಿದೆ: ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ ಮಾತ್ರ 300. ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರಕೂಡದೆಂದು ಸಂವಿಧಾನದ 276ನೇ ವಿಧಿ ಹೇಳುತ್ತದೆ. ಹನ್ನೊಂದು ಇನ್ನೂರಕ್ಕೆ ಒಂದು ಮುನ್ನೂರು ಕೂಡಿಸಿದರೆ ಲೆಕ್ಕ ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಈಗ ಪೀಣ್ಯದಲ್ಲೊಂದು ಗಾರ್ಮೆಂಟ್ಸ್ ಕಾರ್ಖಾನೆ ಇದೆ, ಅಲ್ಲಿ ಹಳೆಯ ಸಂಬಳದ ಸಾಫ್ಟ್‌ವೇರ್ ತೆಗೆದು ಹೊಸದನ್ನು ಹಾಕುತ್ತಿದ್ದಾರೆ ಎಂದುಕೊಳ್ಳೋಣ. ಸಾಫ್ಟ್‌ವೇರ್ ಬರೆದವರು ಬೇರೆ ಊರಿನವರು. ಅವರು ತಮ್ಮಲ್ಲೇ ಎಲ್ಲ ಪರೀಕ್ಷೆ ಮುಗಿಸಿ, ‘ಬಟನ್ ಒತ್ತಿದರೆ ಲೆಕ್ಕ ಬರುತ್ತದೆ’ ಎಂದು ಖಾತ್ರಿ ಮಾಡಿಕೊಂಡೇ ಕಳಿಸಿರುತ್ತಾರೆ. ಆದರೆ ಬಂದ ಲೆಕ್ಕ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಸಂಬಳ ವಿಭಾಗದಲ್ಲಿ ಹದಿನೈದು ವರ್ಷದಿಂದ ಕೂತಿರುವ ಹಿರಿಯ ಗುಮಾಸ್ತೆ. ಫೆಬ್ರವರಿಯ 300 ರೂಪಾಯಿಯ ವಿಷಯ ಮೊದಲು ಹೊಳೆಯುವುದೂ ಅವರಿಗೇ. ಹೀಗೆ ಕೆಲಸ ಮಾಡುವವರೇ ಕೂತು, ತಮ್ಮ ನಿತ್ಯದ ಕೆಲಸ ಹೊಸ ವ್ಯವಸ್ಥೆಯಲ್ಲಿ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಿ ಒಪ್ಪಿಗೆ ಕೊಡುವ ಹಂತಕ್ಕೆ ಐಟಿಯವರ ಬಾಯಲ್ಲಿ ‘ಯುಎಟಿ’ ಎಂದು ಹೆಸರು. ಬಿಡಿಸಿ ಹೇಳಿದರೆ, ಬಳಕೆದಾರರ ಒಪ್ಪಿಗೆ ಪರೀಕ್ಷೆ.

ಬಹಳ ಕಡೆ ಈ ಪರೀಕ್ಷೆ ನಡೆಯುವ ರೀತಿ ಹೀಗಿರುತ್ತದೆ: ಒಂದು ಎಕ್ಸೆಲ್ ಹಾಳೆ, ಅದರಲ್ಲಿ ‘ಷರಾ’ ಎಂಬ ಕಾಲಂ, ಅದರೊಳಗೆ ‘ನೋಡಿದೆ’, ‘ಓಕೆ’, ‘ಸ್ವಲ್ಪ ತೊಂದರೆ ಇದೆ’, ‘ಹೇಳಿದ್ದೇವೆ, ಮಾಡಿಕೊಡುತ್ತಾರಂತೆ’. ಎರಡು ವಾರ ಕಳೆದ ಮೇಲೆ ಈ ಹಾಳೆಯನ್ನು ತೆರೆದು, ವೃತ್ತಿ ತೆರಿಗೆ ಸರಿಯಾಯಿತೇ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರುವುದಿಲ್ಲ. ‘ಮಾಡಿಕೊಡುತ್ತಾರಂತೆ’ ಎಂಬುದು ಎಲ್ಲಿಗೆ ಮುಟ್ಟಿತೋ ದೇವರೇ ಬಲ್ಲ.

ಇದಕ್ಕೆ ಪರಿಹಾರ ಸರಳ. ಪ್ರತಿಯೊಂದು ಪರೀಕ್ಷೆಯೂ ಒಬ್ಬರ ಹೆಸರಿಗೆ ಬರೆದ ಒಂದು ಕೆಲಸವಾಗಬೇಕು. ಜಿರಾದಂಥ ಸಾಫ್ಟ್‌ವೇರ್‌ನಲ್ಲಿ ಅದು ಒಂದು ಕಾರ್ಡು, ಎಕ್ಸೆಲ್‌ನಲ್ಲಿ ಒಂದು ಸಾಲು, ಎರಡೂ ನಡೆಯುತ್ತದೆ. ಕಾರ್ಡಿನ ಮೇಲೆ ‘ವೃತ್ತಿ ತೆರಿಗೆ ಪರೀಕ್ಷಿಸಿ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ತಿಂಗಳ ಸಂಬಳ 26,000 ಇರುವ ನೌಕರನಿಗೆ ಫೆಬ್ರವರಿ ಸಂಬಳ ಓಡಿಸಿ, ವೃತ್ತಿ ತೆರಿಗೆ 300 ಬರಬೇಕು’ ಎಂದಿರಬೇಕು. ಬರಬೇಕಾದ ಉತ್ತರವನ್ನು ಪರೀಕ್ಷೆಗೆ ಮೊದಲೇ ಬರೆದಿಡುವುದಕ್ಕೆ ಕಾರಣವಿದೆ. ಪರದೆಯ ಮೇಲೆ ಅಂಕಿ ಮೂಡಿದ ಮೇಲೆ ಮನುಷ್ಯರ ಕಣ್ಣು ಅದನ್ನೇ ಸರಿ ಎನ್ನಲು ಹೊರಡುತ್ತದೆ.

ಕಾರ್ಡಿನ ಸ್ಥಿತಿ ನಾಲ್ಕರಲ್ಲಿ ಒಂದಿದ್ದರೆ ಸಾಕು. ಇನ್ನೂ ಮಾಡಿಲ್ಲ, ಪಾಸ್, ಫೇಲ್, ರೀಟೆಸ್ಟ್. ‘ಬಹುತೇಕ ಪಾಸ್’ ಎಂಬುದಿಲ್ಲ. ಈ ನಾಲ್ಕರಲ್ಲಿ ತಪ್ಪು ತಿಳಿವಳಿಕೆ ಹೆಚ್ಚಿರುವುದು ರೀಟೆಸ್ಟ್ ಬಗ್ಗೆ. ‘ದೋಷ ಸರಿಪಡಿಸಲಾಗಿದೆ’ ಎಂದರೆ ಅದು ಪ್ರೋಗ್ರಾಮರ್ ಹೇಳಿಕೆ ಮಾತ್ರ. ಆ ಹೇಳಿಕೆಯನ್ನು ಗುಮಾಸ್ತೆ ಇನ್ನೂ ಪರೀಕ್ಷಿಸಿಲ್ಲ ಎಂಬುದು ರೀಟೆಸ್ಟ್. ಆದ್ದರಿಂದ ಫೇಲ್‌ನಿಂದ ರೀಟೆಸ್ಟ್‌ಗೆ ಕಾರ್ಡನ್ನು ಸರಿಸುವವರು ಸಾಫ್ಟ್‌ವೇರ್‌ನವರು. ರೀಟೆಸ್ಟ್‌ನಿಂದ ಪಾಸ್‌ಗೆ ಸರಿಸುವವರು ಫೇಲ್ ಎಂದಿದ್ದ ಗುಮಾಸ್ತೆಯೇ. ಈ ಒಂದು ಕಟ್ಟುಪಾಡು ಸಡಿಲವಾದರೆ ಉಳಿದದ್ದೆಲ್ಲ ಬರೀ ಬಣ್ಣ ಹಚ್ಚುವ ಕೆಲಸ.

ನಮ್ಮ ಕಾರ್ಡನ್ನೇ ಹಿಂಬಾಲಿಸೋಣ. ಗುಮಾಸ್ತೆ ಪರೀಕ್ಷಾ ವ್ಯವಸ್ಥೆಯಲ್ಲಿ ಸಂಬಳದ ತಿಂಗಳನ್ನು ಫೆಬ್ರವರಿ ಎಂದು ಇಟ್ಟು ಓಡಿಸುತ್ತಾರೆ. ತೆರಿಗೆ 200 ಎಂದು ಬರುತ್ತದೆ. ಕಾರ್ಡು ಫೇಲ್. ಯಾವ ನೌಕರ, ಯಾವ ತಿಂಗಳು, ಎಷ್ಟು ಬರಬೇಕಿತ್ತು, ಎಷ್ಟು ಬಂತು ಎಂದು ಬರೆದು, ಪೇ ಸ್ಲಿಪ್‌ನ ಚಿತ್ರ ಅಂಟಿಸಿ, ಅಂದಿನ ಸಾಫ್ಟ್‌ವೇರ್ ಬಿಲ್ಡ್ ಸಂಖ್ಯೆ 14 ಎಂದೂ ನಮೂದಿಸುತ್ತಾರೆ. ಬಿಲ್ಡ್ ಎಂದರೆ ಪ್ರತಿ ತಿದ್ದುಪಡಿಯ ಬಳಿಕ ಹೊರಬರುವ ಸಾಫ್ಟ್‌ವೇರ್ ಪ್ರತಿ.

ಎರಡು ದಿನದ ಮೇಲೆ ಬಿಲ್ಡ್ 15 ಬರುತ್ತದೆ, ಕಾರ್ಡು ರೀಟೆಸ್ಟ್‌ಗೆ ಹೋಗುತ್ತದೆ. ಫೆಬ್ರವರಿ ಓಡಿಸಿದರೆ 300! ಅನನುಭವಿಗಳಾದರೆ ಇಲ್ಲಿಗೇ ಪಾಸ್ ಒತ್ತಿ ಚಹಾಕ್ಕೆ ಏಳುತ್ತಿದ್ದರು. ಗುಮಾಸ್ತೆ ಮಾರ್ಚನ್ನೂ ಓಡಿಸುತ್ತಾರೆ. ಅಲ್ಲೂ 300. ಪ್ರೋಗ್ರಾಮರ್ ಫೆಬ್ರವರಿಗೆ ಪ್ರತ್ಯೇಕ ನಿಯಮ ಬರೆಯುವ ಬದಲು ತೆರಿಗೆಯ ಪಟ್ಟಿಯಲ್ಲಿ 200 ಇದ್ದ ಕಡೆ 300 ಮಾಡಿಟ್ಟಿದ್ದಾನೆ. ಹಾಗೇ ಬಿಟ್ಟಿದ್ದರೆ ವರ್ಷಕ್ಕೆ 3,600 ರೂಪಾಯಿ ಮುರಿದು, ಸಂವಿಧಾನದ ಮಿತಿಯನ್ನೇ ದಾಟುತ್ತಿತ್ತು. ಕಾರ್ಡು ಮತ್ತೆ ಫೇಲ್. ಹೊಸ ಕಾರ್ಡು ಬೇಡ, ಏಕೆಂದರೆ ಇದು ಅದೇ ಅವಶ್ಯಕತೆ, ಇನ್ನೂ ಈಡೇರಿಲ್ಲ. ಆದರೆ ಎರಡನೆಯ ಫೇಲ್ ಎಂಬುದು ಕಾರ್ಡಿನ ಚರಿತ್ರೆಯಲ್ಲಿ ಉಳಿಯಬೇಕು. ಮೂರು ಸಲ ರೀಟೆಸ್ಟ್‌ಗೆ ಹೋಗಿ ಮೂರು ಸಲವೂ ಬಿದ್ದ ಕಾರ್ಡಿನಲ್ಲಿ ತೊಂದರೆ ಕೋಡ್‌ನದಲ್ಲ. ಏನು ಬೇಕು ಎಂಬುದನ್ನೇ ಎರಡು ಕಡೆಯವರು ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡಿರುತ್ತಾರೆ. ಆಗ ಇನ್ನೊಂದು ಬಿಲ್ಡ್‌ಗೆ ಕಾಯುವುದಕ್ಕಿಂತ ಫೋನ್ ಮಾಡುವುದು ಲೇಸು.

ಬಿಲ್ಡ್ 16ರಲ್ಲಿ ಫೆಬ್ರವರಿ 300, ಮಾರ್ಚ್ 200, ಹನ್ನೆರಡು ತಿಂಗಳ ಮೊತ್ತ 2,500. ಕಾರ್ಡು ಪಾಸ್.

ಆದರೆ ಗುಮಾಸ್ತೆಯ ಪಟ್ಟಿಯಲ್ಲಿ ಇನ್ನೊಂದು ಹಳೆಯ ಕಾರ್ಡಿತ್ತು. ‘ಸಂಬಳ 24,999 ಇದ್ದರೆ ತೆರಿಗೆ ಇಲ್ಲ, ಸರಿಯಾಗಿ 25,000 ಇದ್ದರೆ 200.’ ಬಿಲ್ಡ್ 14ರಲ್ಲಿ ಅದು ಪಾಸ್ ಆಗಿತ್ತು. ಫೆಬ್ರವರಿಯ ನಿಯಮ ಸೇರಿಸುವಾಗ ಪ್ರೋಗ್ರಾಮರ್ ಅದೇ ಭಾಗವನ್ನು ಹೊಸದಾಗಿ ಬರೆದು, `>=` ಇದ್ದ ಕಡೆ `>` ಹಾಕಿದ. ಒಂದು ಚಿಹ್ನೆಯ ವ್ಯತ್ಯಾಸಕ್ಕೆ ಸರಿಯಾಗಿ 25,000 ಸಂಬಳದವರೆಲ್ಲ ತೆರಿಗೆಯಿಂದ ಹೊರಗುಳಿದರು. ದುಂಡು ಸಂಖ್ಯೆಯ ಸಂಬಳ ನಮ್ಮ ಕಾರ್ಖಾನೆಗಳಲ್ಲಿ ಅಪರೂಪವೇನಲ್ಲ. ಹಾಳೆಯಲ್ಲಿ ನೋಡಿದರೆ ಆ ಕಾರ್ಡು ಇನ್ನೂ ಹಸಿರಾಗಿಯೇ ಇದೆ. ಪಾಸ್ ಎಂಬ ಮಾತು ಯಾವಾಗಲೂ ಒಂದು ಬಿಲ್ಡ್‌ಗೆ ಸೇರಿದ್ದು. ಆ ಭಾಗದ ಕೋಡ್ ಬದಲಾದ ಕೂಡಲೇ ಅದರ ಸುತ್ತಲಿನ ಪಾಸ್‌ಗಳೂ ರೀಟೆಸ್ಟ್‌ಗೆ ಮರಳಬೇಕು. ಬಿಲ್ಡ್ ಸಂಖ್ಯೆ ಬರೆದಿರದಿದ್ದರೆ ಯಾವುದನ್ನು ಮರಳಿಸಬೇಕೆಂದು ತಿಳಿಯುವುದೇ ಇಲ್ಲ. ಪ್ರತಿ ಬಿಲ್ಡ್‌ಗೂ ಎಲ್ಲವನ್ನೂ ಮತ್ತೆ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ, ತಿಂಗಳ ಕೊನೆಯಲ್ಲಿ ನಿಜವಾದ ಸಂಬಳವನ್ನೂ ಅವರೇ ಮಾಡಬೇಕಲ್ಲ. ಹಾಗಾಗಿ ‘ಈ ಬಿಲ್ಡ್‌ನಲ್ಲಿ ಏನೇನು ಮುಟ್ಟಿದ್ದೀರಿ?’ ಎಂದು ಪ್ರತಿ ಸಲವೂ ಬರಹದಲ್ಲಿ ಕೇಳಿ ಪಡೆಯುವುದು ಅವರ ಹಕ್ಕು.

ಸಂಬಳದ ಸಾಫ್ಟ್‌ವೇರ್‌ನ ಇಂಥ ಸಣ್ಣ ತಪ್ಪುಗಳು ಒಟ್ಟಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ ಸಾಕ್ಷಿ. ಅಲ್ಲಿನ ಆರೋಗ್ಯ ಇಲಾಖೆ ಸುಮಾರು 80 ಸಾವಿರ ನೌಕರರ ಸಂಬಳವನ್ನು 2010ರ ಮಾರ್ಚ್‌ನಲ್ಲಿ ಹೊಸ ವ್ಯವಸ್ಥೆಗೆ ವರ್ಗಾಯಿಸಿತು. ಮೊದಲ ಸಂಬಳದಿಂದಲೇ ಕೆಲವರಿಗೆ ಕಡಿಮೆ, ಕೆಲವರಿಗೆ ಹೆಚ್ಚು, ಕೆಲವರಿಗೆ ಏನೂ ಇಲ್ಲ. ವಿಚಾರಣಾ ಆಯೋಗವೊಂದು 2013ರಲ್ಲಿ ವರದಿ ಕೊಡುವ ಹೊತ್ತಿಗೆ ಒಟ್ಟು ಖರ್ಚಿನ ಅಂದಾಜು 120 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಮುಟ್ಟಿತ್ತು.

ಅಲ್ಲಿ ಬಳಕೆದಾರರ ಪರೀಕ್ಷೆ ನಡೆಯಲಿಲ್ಲ ಎಂದಲ್ಲ. ಹಲವು ಸುತ್ತು ನಡೆದಿತ್ತು, ದೋಷಗಳು ಸಿಕ್ಕಿದ್ದವು, ಪಟ್ಟಿಯೂ ಆಗಿದ್ದವು. ಗಂಭೀರ ದೋಷಗಳು ತೆರೆದಿರುವಾಗ ಮುಂದಕ್ಕೆ ಹೋಗುವಂತಿಲ್ಲ ಎಂಬ ನಿಯಮವೂ ಇತ್ತು. ದಿನ ಹತ್ತಿರ ಬಂದಂತೆ ಬದಲಾದದ್ದು ನಿಯಮ. ಎರಡನೇ ದರ್ಜೆಯ ದೋಷಗಳನ್ನು ಮೂರನೇ ದರ್ಜೆಗೆ ಇಳಿಸಲಾಯಿತು. ಉಳಿದವನ್ನು ನಿಭಾಯಿಸುವ ಯೋಜನೆಯೊಂದು ಇದ್ದರೆ ಸಾಕು ಎಂದಾಯಿತು. ಹಳೆಯ ವ್ಯವಸ್ಥೆಯಲ್ಲೂ ಹೊಸದರಲ್ಲೂ ಇಡೀ ಸಂಬಳವನ್ನು ಒಟ್ಟಿಗೆ ಓಡಿಸಿ ತಾಳೆ ನೋಡುವ ಪರೀಕ್ಷೆ ಪೂರ್ಣವಾಗಿ ಆಗಲೇ ಇಲ್ಲ. ದೋಷ ಇದ್ದಲ್ಲೇ ಇತ್ತು, ಅದರ ಮೇಲಿನ ಚೀಟಿ ಮಾತ್ರ ಬದಲಾಯಿತು.

ಇಲ್ಲಿಂದ ಹೊರಡುವ ಪಾಠ ಎಲ್ಲ ಕಾರ್ಖಾನೆಗೂ ಅನ್ವಯಿಸುವಷ್ಟು ಚಿಕ್ಕದು: ದೋಷ ಎಷ್ಟು ಗಂಭೀರ ಎಂಬುದು ಒಂದು ಕಾಲಂ, ಪರೀಕ್ಷೆ ಪಾಸೋ ಫೇಲೋ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ಮೇಲಧಿಕಾರಿಗಳು ಚೌಕಾಸಿ ಮಾಡಬಹುದು. ಎರಡನೆಯದರಲ್ಲಿ ಚೌಕಾಸಿಗೆ ಎಡೆಯಿಲ್ಲ. 300 ಬರಬೇಕಾದಲ್ಲಿ 200 ಬಂದರೆ ಅದು ಫೇಲ್, ಎಷ್ಟೇ ಚಿಕ್ಕದಿರಲಿ.

ಹಾಳೆಯನ್ನು ದೂರದಿಂದ ನೋಡಿಯೇ ಕೆಲವು ಸಂಶಯ ಪಡಬಹುದು. ನಲವತ್ತು ಪಾಸ್‌ಗಳು ಕೊನೆಯ ದಿನ ಸಂಜೆ ಐದರಿಂದ ಆರರೊಳಗೆ ಬಿದ್ದಿದ್ದರೆ ಯಾರೂ ಪರೀಕ್ಷಿಸಿಲ್ಲ, ಒತ್ತಿದ್ದಾರೆ ಅಷ್ಟೇ. ಒಂದೂ ಫೇಲ್ ಇಲ್ಲದ ವಿಭಾಗವಿದ್ದರೆ, ಆ ವಿಭಾಗದವರು ‘ಟೆಸ್ಟ್ ಯೂಸರ್ 1, ಸಂಬಳ 10,000’ ಎಂಬ ಒಬ್ಬನೇ ಕಾಲ್ಪನಿಕ ನೌಕರನ ಮೇಲೆ ಎಲ್ಲ ಪರೀಕ್ಷೆ ಮುಗಿಸಿರುವ ಸಾಧ್ಯತೆ ಹೆಚ್ಚು. ಆ ಸಂಬಳಕ್ಕೆ ವೃತ್ತಿ ತೆರಿಗೆಯೇ ಇಲ್ಲ, ತಪ್ಪು ಸಿಗುವುದಾದರೂ ಹೇಗೆ? ಇನ್ನು, ರೀಟೆಸ್ಟ್ ಕಾಲಂನಲ್ಲಿ ಕಾರ್ಡುಗಳು ವಾರಗಟ್ಟಲೆ ಕೊಳೆಯುತ್ತಿದ್ದರೆ ಸಾಫ್ಟ್‌ವೇರ್‌ನವರನ್ನು ಬೈದು ಪ್ರಯೋಜನವಿಲ್ಲ. ಚೆಂಡು ಸಂಬಳ ವಿಭಾಗದ ಅಂಗಳದಲ್ಲಿದೆ, ಅಲ್ಲಿ ಕೈಗಳು ಸಾಲುತ್ತಿಲ್ಲ.

ಶೇಕಡಾವಾರು ಲೆಕ್ಕವನ್ನು ಮಾತ್ರ ನಂಬಬಾರದು. ‘95 ಶೇಕಡಾ ಪಾಸ್’ ಎಂದು ಸಭೆಯಲ್ಲಿ ಹೇಳಿದರೆ ಕೇಳಲು ಚೆಂದ. ಉಳಿದ ಐದರಲ್ಲಿ ಪೇ ಸ್ಲಿಪ್‌ನ ಅಕ್ಷರದ ಗಾತ್ರ ಇರಬಹುದು, ಬ್ಯಾಂಕಿಗೆ ಕಳಿಸುವ ಕಡತವೇ ತಯಾರಾಗದಿರುವುದೂ ಇರಬಹುದು.

ಹಾಗಾದರೆ ಎಲ್ಲವೂ ಪಾಸ್ ಆಗುವವರೆಗೆ ಹೊಸ ವ್ಯವಸ್ಥೆಯನ್ನು ಚಾಲೂ ಮಾಡಬಾರದೇ? ಹಾಗೆ ಕಾಯುತ್ತ ಕೂತರೆ ಯಾವುದೂ ಚಾಲೂ ಆಗುವುದಿಲ್ಲ. ಪೀಣ್ಯದ ಕಾರ್ಖಾನೆಯ ಕೊನೆಯ ಸಭೆಯಲ್ಲಿ 25,000 ಸಂಬಳದ ಕಾರ್ಡು ಇನ್ನೂ ಫೇಲ್ ಎಂದೇ ಇದೆ, ಬಿಲ್ಡ್ 17 ಬರಲು ಹತ್ತು ದಿನ ಬೇಕು ಎಂದಿಟ್ಟುಕೊಳ್ಳೋಣ. ಆ ಸಂಬಳದವರು ಹನ್ನೊಂದು ಮಂದಿ. ಮ್ಯಾನೇಜರ್ ಚಾಲೂ ಮಾಡೋಣ ಎನ್ನಬಹುದು, ಅದು ಅವರ ಅಧಿಕಾರ. ಆಗ ಕಾರ್ಡನ್ನು ಹಸಿರು ಮಾಡುವ ಹಾಗಿಲ್ಲ. ಫೇಲ್ ಎಂದೇ ಉಳಿಸಿ, ಅದರ ಕೆಳಗೆ ಬರೆಯುತ್ತಾರೆ: ‘ಈ ತಿಂಗಳು ಹನ್ನೊಂದು ಮಂದಿಯ ತೆರಿಗೆಯನ್ನು ಸಂಬಳ ವಿಭಾಗದವರು ಕೈಯಿಂದ ಸೇರಿಸುವುದು, ಬಿಲ್ಡ್ 17 ಬಂದ ದಿನ ರೀಟೆಸ್ಟ್, ಒಪ್ಪಿದವರು ಮ್ಯಾನೇಜರ್.’ ಕೆಳಗೆ ಅವರ ಸಹಿ, ತಾರೀಖು. ಗುಮಾಸ್ತೆ ಆ ಹನ್ನೊಂದು ಹೆಸರುಗಳ ಪಟ್ಟಿಯನ್ನು ಮುದ್ರಿಸಿ ತಮ್ಮ ಮೇಜಿನ ಗಾಜಿನಡಿ ಇಟ್ಟುಕೊಳ್ಳುತ್ತಾರೆ.