ನಮ್ಮ ಬಚ್ಚಲ ನಳಕ್ಕೆ ಗಾಳಿ ಹಿಡಿದದ್ದು



ನಮ್ಮ ಮನೆಯಲ್ಲಿ ಎರಡು ನಳ ಇವೆ. ಒಂದು ಅಡುಗೆಮನೆಯದು, ಇನ್ನೊಂದು ಬಚ್ಚಲಿನದು. ಎರಡಕ್ಕೂ ಮಾಳಿಗೆ ಮೇಲಿನ 500 ಲೀಟರಿನ ಕರಿ ಟ್ಯಾಂಕಿನಿಂದಲೇ ನೀರು. ಹೋದ ತಿಂಗಳು ಟ್ಯಾಂಕು ಖಾಲಿ ಮಾಡಿ ತೊಳೆದು, ಮತ್ತೆ ತುಂಬಿಸಿದೆವು. ಅವತ್ತಿನಿಂದ ಅಡುಗೆಮನೆ ನಳದಲ್ಲಿ ನೀರು ಚೆನ್ನಾಗಿ ಬರ್ತಿತ್ತು. ಆದರೆ ಬಚ್ಚಲ ನಳ ತಿರುಗಿಸಿದರೆ 'ಫುಸ್' ಅಂತ ಗಾಳಿ, ಒಂದು ಬೊಗಸೆ ನೀರು, ಮತ್ತೆ ಗಾಳಿ! ನಮ್ಮಜ್ಜಿಗೆ ಮೊಣಕಾಲು ನೋವು. ಆಕೆ ದಿನಾ ಅಡುಗೆಮನೆಯಿಂದ ಬಕೆಟ್ ಎತ್ತಿಕೊಂಡು ಹೋಗಬೇಕಾಯಿತು. ಅಪ್ಪ, "ಒಳಗೆ ಪೈಪಿನಲ್ಲಿ ಏನೋ ಕಟ್ಟಿಕೊಂಡೈತಿ, ಸೋಮವಾರ ಗೋಡೆ ಒಡೆಸ್ತೀನಿ" ಅಂದರು. ಗೋಡೆ ಹೋದ ವರ್ಷವಷ್ಟೇ ಗಿಲಾವು ಮಾಡಿಸಿದ್ದು.

ಗಾರೆ ಕೆಲಸದ ನಮ್ಮ ಮಾವ ಬಂದು, "ತಡೀರಿ, ಮೊದಲು ಪೈಪು ಯಾವ ದಾರಿಯಲ್ಲಿ ಹೋಗೈತಿ ನೋಡೋಣ" ಅಂದರು. ನಾನೂ ಅವರ ಹಿಂದೆ ಮಾಳಿಗೆ ಹತ್ತಿದೆ. ಅಡುಗೆಮನೆ ಪೈಪು ಟ್ಯಾಂಕಿನ ಬುಡದಿಂದ ನೇರ ಕೆಳಗೆ ಇಳಿದಿದೆ. ಬಚ್ಚಲ ಪೈಪು ಹಾಗಲ್ಲ. ಅದು ಟ್ಯಾಂಕಿನ ಬುಡದಿಂದ ಹೊರಟು, ಮಾಳಿಗೆಯ ಅಂಚಿನ ಕಟ್ಟೆಯನ್ನು ಹತ್ತಿ ದಾಟಿ, ಆಮೇಲೆ ಕೆಳಗೆ ಇಳಿಯುತ್ತದೆ. ಕಟ್ಟೆ ಮೇಲಿನ ಆ ಡೊಂಕು ಟ್ಯಾಂಕಿನ ಬುಡಕ್ಕಿಂತ ಒಂದೂವರೆ ಅಡಿ ಎತ್ತರ. ಟ್ಯಾಂಕು ಖಾಲಿಯಾದಾಗ ಪೈಪಿನ ತುಂಬ ಗಾಳಿ ಸೇರಿತ್ತು. ಗಾಳಿ ಹಗುರ, ಆದ್ದರಿಂದ ಅದು ಎತ್ತರದ ಡೊಂಕಿನಲ್ಲೇ ಕೂತುಬಿಡುತ್ತದೆ. ನೀರು ಅದರ ಅಡಿಯಿಂದ ಸ್ವಲ್ಪ ಸ್ವಲ್ಪವೇ ನುಸುಳಿ ಕೆಳಗೆ ಬೀಳುತ್ತದೆ. ಪೈಪು ತುಂಬಿ ಹರಿಯುವುದಿಲ್ಲ. ಟ್ಯಾಂಕಿನಲ್ಲಿ ನೀರು ಒಂದೂವರೆ ಅಡಿಗಿಂತ ಕಮ್ಮಿ ಇದ್ದರಂತೂ ಡೊಂಕು ಹತ್ತಲು ಆಗುವುದೇ ಇಲ್ಲ.

ಗಾರೆಯವರು ಮಟ್ಟ ನೋಡಲು ನೀರು ತುಂಬಿದ ಕಾಣುವ ಪೈಪು ಹಿಡಿಯುತ್ತಾರಲ್ಲ, ಅದರಲ್ಲೂ ಹೀಗೇ ಗುಳ್ಳೆ ಕೂರುತ್ತದಂತೆ. ಗುಳ್ಳೆ ಇದ್ದರೆ ಮಟ್ಟ ತಪ್ಪು ತೋರಿಸುತ್ತದೆ, ಅದಕ್ಕೇ ಅವರು ಪೈಪನ್ನು ತಟ್ಟಿ ತಟ್ಟಿ ಗುಳ್ಳೆ ಓಡಿಸುವುದು. ಮಾವ ಆ ಪೈಪು ಬಗ್ಗಿಸಿ ತೋರಿಸಿದರು. ನೀರು ನಿಧಾನ ಹರಿದರೆ ಗುಳ್ಳೆ ಡೊಂಕಿನಲ್ಲೇ ನಿಲ್ಲುತ್ತದೆ. ಜೋರಾಗಿ ಹರಿದರೆ ನೀರಿನ ಜೊತೆ ಕೊಚ್ಚಿ ಹೋಗುತ್ತದೆ.

ಹಾಗಾದರೆ ನಮ್ಮಲ್ಲಿ ಯಾಕೆ ಜೋರಾಗಿ ಹರಿಯಲಿಲ್ಲ? ಬಚ್ಚಲ ಪೈಪಿಗೆ ಮಾಳಿಗೆ ಮೇಲೆ ಒಂದು ವಾಲ್ವ್ ಇದೆ. ಟ್ಯಾಂಕು ತೊಳೆಯುವಾಗ ಮುಚ್ಚಿದ್ದನ್ನು ಆಮೇಲೆ ಪೂರ್ತಿ ತೆರೆದಿರಲಿಲ್ಲ. (ಮುಚ್ಚಿದ್ದೂ ನಾನೇ, ತೆರೆದದ್ದೂ ನಾನೇ. ಇದನ್ನು ಮನೆಯಲ್ಲಿ ತಡವಾಗಿ ಹೇಳಿದೆ.) ಚಕ್ರ ಬಿಗಿಯಾದಾಗ ಪೂರ್ತಿ ಆಯ್ತು ಅಂದುಕೊಂಡಿದ್ದೆ. ಮಾವ ಎಣ್ಣೆ ಬಿಟ್ಟು ತಿರುಗಿಸಿದರು, ಇನ್ನೂ ಎರಡೂವರೆ ಸುತ್ತು ತಿರುಗಿತು! ಬರೀ ವಾಲ್ವ್ ಅರ್ಧ ಮುಚ್ಚಿದ್ದರೆ ನೀರು ಸಣ್ಣಗೆ, ಆದರೆ ಒಂದೇ ಸಮ ಬರುತ್ತದೆ. ಗಾಳಿ ಇದ್ದರೆ ತಡೆದು ತಡೆದು ಚಿಮ್ಮುತ್ತದೆ. ನಮ್ಮದರಲ್ಲಿ ಎರಡೂ ಇದ್ದವು.

ವಾಲ್ವ್ ತೆರೆದ ಮೇಲೆ ಬಕೆಟ್ ಇಟ್ಟು ಗಡಿಯಾರ ನೋಡಿದೆ. 15 ಲೀಟರಿನ ಬಕೆಟ್ ಅಡುಗೆಮನೆ ನಳದಲ್ಲಿ 1 ನಿಮಿಷಕ್ಕೆ ತುಂಬಿತು. ಬಚ್ಚಲಲ್ಲಿ 4 ನಿಮಿಷ, ಅದೂ ಫುಸ್ ಫುಸ್ ಅಂತ. ಗಾಳಿ ಇನ್ನೂ ಹೋಗಿರಲಿಲ್ಲ.

ಅಡುಗೆಮನೆ ನಳದಿಂದ ಬಚ್ಚಲ ನಳಕ್ಕೆ ಪೈಪು ಜೋಡಿಸಿ ತಳ್ಳೋಣ ಅಂದೆ ನಾನು. ಮಾವ ನಕ್ಕರು. ಎರಡೂ ಒಂದೇ ಟ್ಯಾಂಕಿನ ನೀರು, ಎರಡು ಕಡೆಯಿಂದಲೂ ಒತ್ತಡ ಸಮ, ಗಾಳಿ ನಡುವೆ ಅಲ್ಲೇ ಕೂರುತ್ತದೆ ಅಂದರು. ಬೀದಿ ನಳದ ನೀರು ಊರ ದೊಡ್ಡ ಟ್ಯಾಂಕಿನಿಂದ ಬರುತ್ತದೆ, ಅದು ನಮ್ಮ ಮಾಳಿಗೆಗಿಂತ ಎಷ್ಟೋ ಎತ್ತರ. ಮರುದಿನ ಬೆಳಿಗ್ಗೆ ಬೀದಿ ನಳದಲ್ಲಿ ನೀರು ಜೋರಾಗಿ ಬಂದಾಗ, ಅದಕ್ಕೂ ಬಚ್ಚಲ ನಳಕ್ಕೂ ರಬ್ಬರ್ ಪೈಪು ಹಾಕಿ ತಂತಿಯಿಂದ ಬಿಗಿದರು. ಮೊದಲು ಬಚ್ಚಲ ನಳ ತೆರೆದು, ಆಮೇಲೆ ಬೀದಿ ನಳ ತೆರೆದರು. ನಾನು ಮಾಳಿಗೆ ಮೇಲೆ ಟ್ಯಾಂಕಿನೊಳಗೆ ಬಗ್ಗಿ ನೋಡುತ್ತಿದ್ದೆ. ನೀರು ಮುಕ್ಕಾಲು ಟ್ಯಾಂಕು ಇತ್ತು. ಸ್ವಲ್ಪ ಹೊತ್ತಿಗೆ ಬುಡದ ತೂತಿನಿಂದ ಗುಳುಗುಳು ಅಂತ ದೊಡ್ಡ ಗುಳ್ಳೆಗಳು ಎದ್ದವು! ಗುಳ್ಳೆ ನಿಂತ ಮೇಲೆ "ಸಾಕು ಮಾವಾ" ಅಂತ ಕೂಗಿದೆ. ಅವರು ಮೊದಲು ಬಚ್ಚಲ ನಳ ಮುಚ್ಚಿ, ಆಮೇಲೆ ಬೀದಿ ನಳ ಮುಚ್ಚಿ, ಕೂಡಲೇ ರಬ್ಬರ್ ಪೈಪು ಬಿಚ್ಚಿದರು. ಹಾಗೇ ಬಿಟ್ಟರೆ, ಬೀದಿ ನೀರು ನಿಂತಾಗ ನಮ್ಮ ಟ್ಯಾಂಕಿನ ನೀರು ಹಿಂದಕ್ಕೆ ಹೋಗಿ ಎಲ್ಲರ ಕುಡಿಯುವ ನೀರಿಗೆ ಸೇರುತ್ತದೆ.

ಈಗ ಬಚ್ಚಲ ನಳದಲ್ಲಿ ಬಕೆಟ್ ತುಂಬಲು ಒಂದೂಕಾಲು ನಿಮಿಷ. ಗೋಡೆ ಉಳಿಯಿತು. ಆದರೆ ಟ್ಯಾಂಕು ಮತ್ತೆ ಪೂರ್ತಿ ಖಾಲಿಯಾದರೆ ಗಾಳಿಯೂ ಮತ್ತೆ ಬರುತ್ತದೆ, ಡೊಂಕು ಅಲ್ಲೇ ಇದೆಯಲ್ಲ. ಅದಕ್ಕೆ ಮಾವ ಡೊಂಕಿನ ನೆತ್ತಿಗೆ ಒಂದು ಸಣ್ಣ ಪೈಪನ್ನು ನೆಟ್ಟಗೆ ನಿಲ್ಲಿಸುತ್ತಾರಂತೆ. ಅದರ ಬಾಯಿ ತುಂಬಿದ ಟ್ಯಾಂಕಿನ ನೀರಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಗಾಳಿಯ ಬದಲು ನೀರೇ ಮಾಳಿಗೆ ಮೇಲೆ ಹರಿಯುತ್ತದೆ. ಅಪ್ಪ ಹರಪನಹಳ್ಳಿ ಸಂತೆಗೆ ಹೋದಾಗ ಪೈಪು ತರ್ತೀನಿ ಅಂದಿದ್ದಾರೆ. ಅಲ್ಲಿಯವರೆಗೆ ಟ್ಯಾಂಕಿನಲ್ಲಿ ಎರಡಡಿ ನೀರು ಇದೆಯಾ ಅಂತ ದಿನಾ ಕೋಲು ಹಾಕಿ ನೋಡುವ ಕೆಲಸ ನನ್ನದು.