ಬಾಗಿಲ ಮೇಲೆ ಬಿ-202, ಕರಾರಿನಲ್ಲಿ ಆರು

ಅಪ್ಪ ಅಮ್ಮ ಮುಂಬೈ ಬಿಟ್ಟು ಉಡುಪಿಗೆ ಬಂದು ನೆಲೆಸಿದ್ದಾರೆ. ಅಂಧೇರಿ ಕಡೆಯ ಹಳೆಯ ಫ್ಲ್ಯಾಟನ್ನು ಮಾರಬೇಕು, ಓಡಾಟವೆಲ್ಲ ಮಗನದು. ಕರಾವಳಿಯ ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕೊಳ್ಳುವವರು ಸಿಕ್ಕಿದ್ದಾರೆ, ದರವೂ ಕುದುರಿದೆ. ಆದರೆ ಅವರಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಫೈಲನ್ನು ತಡೆದಿದ್ದಾರೆ. 1984ರಲ್ಲಿ ಬಿಲ್ಡರ್ ಜೊತೆ ಮಾಡಿಕೊಂಡ ಕರಾರಿನಲ್ಲಿ ‘ಫ್ಲ್ಯಾಟ್ ನಂ. 6, ಎರಡನೆಯ ಮಹಡಿ’ ಎಂದಿದೆ. ಬಾಗಿಲ ಮೇಲೆ, ಕರೆಂಟ್ ಬಿಲ್ಲಿನಲ್ಲಿ, ಸೊಸೈಟಿಯ ತಿಂಗಳ ಬಿಲ್ಲಿನಲ್ಲಿ ಇರುವುದು ‘ಬಿ-202’. ಎರಡೂ ಒಂದೇ ಮನೆ ಎನ್ನುವುದಕ್ಕೆ ಆಧಾರ ಏನು?

ಇದರಲ್ಲಿ ಮೋಸವೇನೂ ಇಲ್ಲ. ಕಟ್ಟಡ ಏಳುವ ಮೊದಲೇ ಬಿಲ್ಡರ್ ನಕ್ಷೆಯ ಮೇಲೆ ಒಂದರಿಂದ ಸಾಲಾಗಿ ನಂಬರು ಹಾಕಿ ಮಾರಿರುತ್ತಾರೆ. ಆಮೇಲೆ ಸೊಸೈಟಿ ನೋಂದಣಿಯಾಗುತ್ತದೆ. ಎ ವಿಂಗ್‌ನಲ್ಲೂ ಆರು, ಬಿ ವಿಂಗ್‌ನಲ್ಲೂ ಆರು ಇದ್ದು ಅಂಚೆಯವರು ಪರದಾಡುವುದನ್ನು ನೋಡಿ ಕಮಿಟಿಯವರು ವಿಂಗ್ ಮತ್ತು ಮಹಡಿ ಸೇರಿಸಿ ಹೊಸ ನಂಬರು ಕೊಡುತ್ತಾರೆ. ಬಾಗಿಲ ಹಲಗೆ ಬದಲಾಗುತ್ತದೆ, ಕರಾರು ಮಾತ್ರ ಕಪಾಟಿನಲ್ಲಿ ಹಾಗೇ ಉಳಿಯುತ್ತದೆ.

ಈ ಎರಡನ್ನು ಜೋಡಿಸಬಲ್ಲ ದಾಖಲೆ ಇರುವುದು ಸೊಸೈಟಿಯ ಕಚೇರಿಯಲ್ಲಿ. ಮಹಾರಾಷ್ಟ್ರದ 1960ರ ಸಹಕಾರ ಸಂಘಗಳ ಕಾಯ್ದೆಯಂತೆ ಪ್ರತಿ ಸೊಸೈಟಿಯೂ ಸದಸ್ಯರ ರಿಜಿಸ್ಟರ್ ಇಡಬೇಕು. ಅಲ್ಲಿನವರು ಅದನ್ನು ‘ಐ ಫಾರ್ಮ್’ ಎನ್ನುತ್ತಾರೆ. ಸದಸ್ಯರ ಹೆಸರು, ವಿಳಾಸ, ಅವರ ಷೇರುಗಳ ವಿವರ ಅದರಲ್ಲಿರುತ್ತವೆ. ಸದಸ್ಯರ ಕೈಯಲ್ಲಿರುವ ಷೇರು ಪತ್ರದ ಕ್ರಮಸಂಖ್ಯೆಗೂ ಈ ರಿಜಿಸ್ಟರಿಗೂ ತಾಳೆಯಾಗಬೇಕು. ನಂಬರು ಎಷ್ಟು ಸಲ ಬದಲಾದರೂ ಷೇರಿನ ಸಂಖ್ಯೆ ಹಿಡಿದು ಹೋದರೆ ಮೊದಲ ಖರೀದಿಯವರೆಗೆ ಮುಟ್ಟಬಹುದು.

ಹಾಗಾಗಿ ಸೆಕ್ರೆಟರಿಯವರಿಗೆ ಬರೆಯುವಾಗ ‘ನಮ್ಮ ಫ್ಲ್ಯಾಟ್ ನಂಬರ್ ತಿಳಿಸಿ’ ಎಂದಷ್ಟೇ ಕೇಳಿದರೆ ‘ಬಿ-202’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ, ಅದರಿಂದ ವಕೀಲರ ಪ್ರಶ್ನೆ ಬಗೆಹರಿಯುವುದಿಲ್ಲ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೋಗುವ ಆ ಪತ್ರದ ಒಡಲು ಕನ್ನಡದಲ್ಲಿ ಹೀಗಿರಬಹುದು:

“ಮಾನ್ಯರೇ, ನಾನು ಸೊಸೈಟಿಯ ಸದಸ್ಯ. ಷೇರು ಪತ್ರ ಸಂಖ್ಯೆ 18. ನನ್ನ 1984ರ ಕರಾರಿನಲ್ಲಿ ಫ್ಲ್ಯಾಟ್ ನಂ. 6 ಎಂದಿದೆ, ಈಗ ಬಿ-202 ಎನ್ನಲಾಗುತ್ತಿದೆ. ಎರಡೂ ಒಂದೇ ಫ್ಲ್ಯಾಟ್ ಎಂಬುದನ್ನೂ ನಂಬರು ಬದಲಿಸಿದ ಠರಾವಿನ ದಿನಾಂಕವನ್ನೂ ಸೊಸೈಟಿಯ ನೋಂದಾಯಿತ ವಿಳಾಸವನ್ನೂ ಲೆಟರ್‌ಹೆಡ್ ಮೇಲೆ ದೃಢಪಡಿಸಬೇಕಾಗಿ ಕೋರುತ್ತೇನೆ. ಕರಾರಿನ ಮೊದಲ ಪುಟ ಮತ್ತು ಷೇರು ಪತ್ರದ ಎರಡೂ ಬದಿಯ ಪ್ರತಿ ಲಗತ್ತಿಸಿದೆ.”

ಸಹಿ ಅಪ್ಪನದೇ ಇರಬೇಕು. ರಿಜಿಸ್ಟರಿನಲ್ಲಿರುವುದು ಅವರ ಹೆಸರು. ಮಗ ಓಡಾಡುವುದಾದರೆ ಒಂದು ಅಧಿಕಾರ ಪತ್ರ ಜೊತೆಗಿರಲಿ. ಷೇರು ಪತ್ರದ ಹಿಂಬದಿಯನ್ನು ಬಹಳ ಜನ ಮರೆಯುತ್ತಾರೆ. ಹೆಸರು ವರ್ಗಾವಣೆಯಾಗಿದ್ದರೆ ಅದನ್ನು ಬರೆಯುವುದು ಅಲ್ಲೇ.

ವಿಳಾಸವನ್ನು ಯಾಕೆ ಬೇರೆಯಾಗಿ ಕೇಳಬೇಕು? ಜನ ಬಳಸುವ ವಿಳಾಸದಲ್ಲಿ ರಸ್ತೆ, ಸ್ಟೇಷನ್, ಹತ್ತಿರದ ಸಿನಿಮಾ ಮಂದಿರ ಇರುತ್ತವೆ. ಕಾಗದದ ವಿಳಾಸದ ದಾರಿ ಬೇರೆ: ಪ್ಲಾಟ್ ನಂಬರು, ಸಿ.ಟಿ.ಎಸ್. ನಂಬರು, ಕಂದಾಯ ಗ್ರಾಮ, ತಾಲೂಕು, ಮುಂಬೈ ಉಪನಗರ ಜಿಲ್ಲೆ. ಗಗನಚುಂಬಿಗಳ ನಡುವೆಯೂ ದಾಖಲೆಯಲ್ಲಿ ಆ ಜಾಗ ಇಂದಿಗೂ ಒಂದು ಗ್ರಾಮವೇ. ಬ್ಯಾಂಕು ನೋಡುವುದು ಈ ಸಾಲನ್ನು. ಸೊಸೈಟಿಗೂ ನೋಂದಾಯಿತ ವಿಳಾಸ ಇರಲೇಬೇಕು, ಬದಲಾದರೆ ರಿಜಿಸ್ಟ್ರಾರರಿಗೆ ತಿಳಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ಸೆಕ್ರೆಟರಿಯವರ ಪತ್ರಕ್ಕೂ ಒಂದು ಮಿತಿ ಇದೆ. ಅದು ಹಳೆಯ ನಂಬರಿಗೂ ಹೊಸದಕ್ಕೂ ನಂಟು ತೋರಿಸುತ್ತದೆ, ನೋಂದಣಿಯಾದ ಕರಾರನ್ನು ತಿದ್ದುವುದಿಲ್ಲ. ಕರಾರಿನಲ್ಲಿ ‘ಮೂರನೆಯ ಮಹಡಿ’ ಎಂದಿದ್ದು ಮನೆ ಎರಡರಲ್ಲಿದ್ದರೆ, ನೆಲಮಹಡಿಯನ್ನೇ ಮೊದಲನೆಯದೆಂದು ಎಣಿಸಿದರೇ ಎಂದು ನಕ್ಷೆ ನೋಡಿಯೇ ತೀರ್ಮಾನಿಸಬೇಕು. ನಿಜವಾಗಿಯೂ ತಪ್ಪು ಬರೆದಿದ್ದರೆ ಕರಾರಿಗೆ ಸಹಿ ಹಾಕಿದವರೇ ಸೇರಿ ತಿದ್ದುಪಡಿ ಪತ್ರ ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ. ನಲವತ್ತು ವರ್ಷದ ಮೇಲೆ ಬಿಲ್ಡರನ್ನು ಹುಡುಕುವ ಕಷ್ಟ ಶುರುವಾಗುವುದು ಇಲ್ಲಿ. ಆದ್ದರಿಂದ ಮಾರಾಟದ ಮಾತು ಎತ್ತುವ ಮೊದಲೇ ಈ ಪತ್ರ ಹೋಗಬೇಕು.

ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ಸೊಸೈಟಿಯ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಬೇಕು. ಉತ್ತರ ಬಂದಾಗ ಮೊದಲು ನೋಡಬೇಕಾದದ್ದು ‘ನಂ. 6’ ಮತ್ತು ‘ಬಿ-202’ ಎರಡೂ ಒಂದೇ ವಾಕ್ಯದಲ್ಲಿ ಇವೆಯೇ ಎಂಬುದನ್ನು. ಹೊಸ ನಂಬರು ಮಾತ್ರ ಇದ್ದರೆ ಅಲ್ಲೇ ನಿಂತು ಬದಲಿಸಿ ಕೊಡುವಂತೆ ಕೇಳಬೇಕು.