ನಿಂತ ಯಂತ್ರದ ಬಾಡಿಗೆ ಯಾರು ಕಟ್ಟಬೇಕು?

ಪೀಣ್ಯದ ಆ ಶೆಡ್ಡಿನಲ್ಲಿ ಐದು ಸಿಎನ್‌ಸಿ ಲೇತ್‌ಗಳಿವೆ. ಮಾಲೀಕರು ಲೆಕ್ಕದಲ್ಲಿ ಅಚ್ಚುಕಟ್ಟು. ಪ್ರತಿ ಆರ್ಡರಿಗೂ ಒಂದು ಚೀಟಿ ಬರೆದು, ಕಚ್ಚಾಮಾಲು ಎಷ್ಟು, ಕೂಲಿ ಎಷ್ಟು, ಓವರ್‌ಹೆಡ್ ಎಷ್ಟು, ಲಾಭ ಎಷ್ಟು ಎಂದು ಗುರುತು ಹಾಕಿಡುವವರು. ಮಾರ್ಚ್ ಮುಗಿದ ಮೇಲೆ ಆ ಚೀಟಿಗಳ ಲಾಭವನ್ನೆಲ್ಲ ಕೂಡಿದರೆ 9,50,000 ರೂಪಾಯಿ ಬಂತು. ಆದರೆ ಆಡಿಟರ್ ತಂದಿಟ್ಟ ಲೆಕ್ಕದಲ್ಲಿ ಕಾರ್ಖಾನೆಯ ಲಾಭ ಇದ್ದದ್ದು 5,30,000 ಮಾತ್ರ. ‘ಸಾರ್, ಒಂದು ಕೆಲಸದಲ್ಲೂ ಲಾಸ್ ಮಾಡಿಲ್ಲ. ಖರ್ಚೂ ಅಂದುಕೊಂಡಿದ್ದಕ್ಕಿಂತ ಕಮ್ಮೀನೇ ಆಗಿದೆ. ಹಂಗಾದ್ರೆ ನಾಲ್ಕು ಲಕ್ಷ ಎಲ್ಲಿಗೆ ಹೋಯ್ತು?’ ಎಂದು ಅವರು ಚೀಟಿಗಳ ಕಟ್ಟನ್ನು ನನ್ನ ಮುಂದಿಟ್ಟರು. ಲೆಕ್ಕ ಸುಲಭವಾಗಲೆಂದು ಇಲ್ಲಿ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಯಾರೂ ಕದ್ದಿರಲಿಲ್ಲ. ಎಡವಟ್ಟು ಇದ್ದದ್ದು ಚೀಟಿಯ ಮೂರನೆಯ ಸಾಲಿನಲ್ಲಿ.

ಒಂದು ಬುಶ್ ತಯಾರಿಸಲು ಎಷ್ಟು ಉಕ್ಕು ಬೇಕು ಎಂಬುದನ್ನು ತೂಗಿ ಹೇಳಬಹುದು. ಆಪರೇಟರ್ ಎಷ್ಟು ಹೊತ್ತು ನಿಂತ ಎಂಬುದನ್ನೂ ಹೇಳಬಹುದು. ಆದರೆ ಶೆಡ್ಡಿನ ಬಾಡಿಗೆಯಲ್ಲಿ ಆ ಬುಶ್ಶಿನ ಪಾಲು ಎಷ್ಟು? ಸೂಪರ್‌ವೈಸರ್ ಸಂಬಳದಲ್ಲಿ? ಇದನ್ನು ತೂಗಲು ತಕ್ಕಡಿ ಇಲ್ಲ. ಅದಕ್ಕೇ ವರ್ಷದ ಆರಂಭದಲ್ಲೇ ಒಂದು ದರ ಗೊತ್ತುಮಾಡಿಕೊಂಡು, ಪ್ರತಿ ಕೆಲಸಕ್ಕೂ ಅದರಂತೆ ಪಾಲು ಹಾಕುತ್ತಾರೆ. ಬಟ್ಟೆ ನೀರು ಹೀರಿದ ಹಾಗೆ ಕೆಲಸಗಳು ಖರ್ಚನ್ನು ಹೀರಿಕೊಳ್ಳುತ್ತವೆ. ಇದೇ ಓವರ್‌ಹೆಡ್ ಅಬ್ಸಾರ್ಪ್ಷನ್ ರೇಟ್, ಹೀರಿಕೆ ದರ ಎನ್ನೋಣ.

ನಮ್ಮ ಮಾಲೀಕರು ಏಪ್ರಿಲ್‌ನಲ್ಲಿ ಹಾಕಿದ್ದ ಅಂದಾಜು ಹೀಗಿತ್ತು. ಬಾಡಿಗೆ 9,60,000. ಸೂಪರ್‌ವೈಸರ್, ಇನ್‌ಸ್ಪೆಕ್ಟರ್, ಸ್ಟೋರ್ ಹುಡುಗನ ಸಂಬಳ 10,80,000. ಕರೆಂಟು 5,40,000. ಯಂತ್ರಗಳ ಸವಕಳಿ 6,50,000. ರಿಪೇರಿ ಮತ್ತು ಕೂಲಂಟ್ 2,50,000. ವಿಮೆ ಇತ್ಯಾದಿ 1,20,000. ಒಟ್ಟು 36 ಲಕ್ಷ. ಬ್ಯಾಂಕ್ ಬಡ್ಡಿ, ಮಾರಾಟದ ಓಡಾಟ ಇದರಲ್ಲಿಲ್ಲ, ಇರಲೂಬಾರದು. ಇದು ಕಾರ್ಖಾನೆಯೊಳಗಿನ ಖರ್ಚು ಮಾತ್ರ.

ಇನ್ನು ಭಾಗಿಸಬೇಕಾದ ಅಂಕಿ. ಕೂಲಿಯ ಮೇಲೆ ಶೇಕಡಾ ಇಷ್ಟು ಎಂದು ಓವರ್‌ಹೆಡ್ ಹಾಕುವವರು ಈಗಲೂ ಇದ್ದಾರೆ. ಎಲ್ಲ ಕೈಕೆಲಸವಾದರೆ ಅದು ಸರಿ. ಆದರೆ ಇಲ್ಲಿ ಕರೆಂಟು, ಸವಕಳಿ, ರಿಪೇರಿ ಎಲ್ಲ ಯಂತ್ರದ ಹಿಂದೆಯೇ ಇವೆ. ಕೂಲಿಯನ್ನು ಹಿಡಿದುಕೊಂಡರೆ ಮೂಲೆಯಲ್ಲಿ ಕೂತು ಅರ ಹಿಡಿದು ಅಂಚು ಉಜ್ಜುವ ಕೆಲಸದ ತಲೆಗೆ ಸಿಎನ್‌ಸಿಯ ಕರೆಂಟು ಬೀಳುತ್ತದೆ. ಹಾಗಾಗಿ ಯಂತ್ರ ಓಡುವ ಗಂಟೆಯೇ ಇಲ್ಲಿ ನ್ಯಾಯವಾದ ಅಳತೆ. ಐದು ಯಂತ್ರ, 300 ದಿನ, ದಿನಕ್ಕೆ 8 ಗಂಟೆ ಎಂದರೆ 12,000 ಗಂಟೆ. ಸೆಟ್ಟಿಂಗ್, ಶುಚಿ, ಸಾಮಾನ್ಯ ರಿಪೇರಿ, ಕರೆಂಟು ಹೋಗುವುದು, ಇವಕ್ಕೆಲ್ಲ ಹಿಂದಿನ ವರ್ಷಗಳ ಅನುಭವದಿಂದ 3,000 ಗಂಟೆ ಕಳೆದರು. ಉಳಿದದ್ದು 9,000. ಮೂವತ್ತಾರು ಲಕ್ಷವನ್ನು 9,000ದಿಂದ ಭಾಗಿಸಿದರೆ ಗಂಟೆಗೆ 400 ರೂಪಾಯಿ.

ಒಂದು ಬುಶ್ ಆರು ನಿಮಿಷ ತೆಗೆದುಕೊಳ್ಳುತ್ತದೆ, ಅಂದರೆ ಓವರ್‌ಹೆಡ್ 40 ರೂಪಾಯಿ. ಉಕ್ಕು 55, ಕೂಲಿ 15 ಸೇರಿಸಿದರೆ ಅಸಲು 110. ಅವರು 125ಕ್ಕೆ ಕೊಟ್ಟರು. ಚೀಟಿಯಲ್ಲಿ 15 ರೂಪಾಯಿ ಲಾಭ. ಇದರಲ್ಲಿ ತಪ್ಪೇನೂ ಇಲ್ಲ, ಯಂತ್ರಗಳು ನಿಜಕ್ಕೂ 9,000 ಗಂಟೆ ಓಡಿದರೆ.

ಓಡಿದ್ದು 7,800. ಕೆಲಸಗಳು ಹೀರಿಕೊಂಡದ್ದು 7,800ನ್ನು 400ರಿಂದ ಗುಣಿಸಿದಷ್ಟು, ಅಂದರೆ 31,20,000. ವರ್ಷದಲ್ಲಿ ನಿಜವಾಗಿ ಆದ ಓವರ್‌ಹೆಡ್ ಖರ್ಚು 35,40,000. ನಡುವೆ ಉಳಿದ 4,20,000 ರೂಪಾಯಿ ಯಾವ ಚೀಟಿಗೂ ಸೇರಲಿಲ್ಲ. ಅಂಡರ್ ಅಬ್ಸಾರ್ಪ್ಷನ್ ಎನ್ನುವುದು ಇದನ್ನೇ. ಮಾಲೀಕರು ಹುಡುಕುತ್ತಿದ್ದ ನಾಲ್ಕು ಚಿಲ್ಲರೆ ಲಕ್ಷ ಇದೇ.

ಅವರಿಗೆ ಒಪ್ಪಿಸಲು ಕಷ್ಟವಾದದ್ದು ‘ಖರ್ಚು 60,000 ಉಳಿಸಿದ್ದೇನೆ’ ಎಂಬ ನಂಬಿಕೆಯ ವಿಷಯ. 36 ಲಕ್ಷದ ಅಂದಾಜಿನಲ್ಲಿ ಗಂಟೆಯ ಜೊತೆ ಏರಿಳಿಯುವುದು ಮುಖ್ಯವಾಗಿ ಕರೆಂಟು, ಗಂಟೆಗೆ 60 ರೂಪಾಯಿ. ಉಳಿದ 340 ಯಂತ್ರ ಓಡಲಿ, ಮಲಗಲಿ, ಕಟ್ಟಲೇಬೇಕಾದದ್ದು. ಯಂತ್ರ 1,200 ಗಂಟೆ ಕಡಿಮೆ ಓಡಿದಾಗ ಕರೆಂಟಿನಲ್ಲಿ 72,000 ತಾನಾಗಿಯೇ ಉಳಿಯಬೇಕಿತ್ತು. ಉಳಿದದ್ದು 60,000 ಎಂದರೆ ಬೇರೆಲ್ಲೋ 12,000 ಹೆಚ್ಚು ಖರ್ಚಾಗಿದೆ, ಅದು ರಿಪೇರಿ ಬಿಲ್ಲಿನಲ್ಲಿತ್ತು. ಮಿಕ್ಕ 4,08,000, ಅಂದರೆ 1,200 ಗಂಟೆಗೆ 340ರಂತೆ, ಯಂತ್ರ ನಿಂತದ್ದರ ಬೆಲೆ.

ಯಾಕೆ ನಿಂತವು? ಯಂತ್ರಗಳ ಪಕ್ಕ ನೇತುಹಾಕಿದ್ದ ಲಾಗ್ ಪುಸ್ತಕಗಳಲ್ಲಿ, ಕೂಲಂಟ್ ಎಣ್ಣೆಯ ಬೆರಳಚ್ಚುಗಳ ನಡುವೆ, ಉತ್ತರ ಇತ್ತು. ಒಂದು ಯಂತ್ರದ ಸ್ಪಿಂಡಲ್ ಕೈಕೊಟ್ಟು 300 ಗಂಟೆ. ಮಾಲು ಅಥವಾ ಇನ್ಸರ್ಟ್ ಬರಲಿಲ್ಲವೆಂದು 200 ಗಂಟೆ. ದೊಡ್ಡ ಗಿರಾಕಿ ಶೆಡ್ಯೂಲ್ ಕಡಿತ ಮಾಡಿದ್ದಕ್ಕೆ 700 ಗಂಟೆ. ಹಣಕ್ಕೆ ತಿರುಗಿಸಿದರೆ ಆರ್ಡರ್ ಇಲ್ಲದ್ದಕ್ಕೇ 2,38,000. ಲಾಗ್ ಪುಸ್ತಕ ಇಲ್ಲದ ಶೆಡ್ಡಿನಲ್ಲಿ ಇಷ್ಟು ಬಿಡಿಸಿ ಹೇಳಲು ಯಾವ ಅಕೌಂಟೆಂಟಿನಿಂದಲೂ ಆಗದು.

ಮಾಲೀಕರಿಗೆ ಮೊದಲು ಹೊಳೆದ ಪರಿಹಾರ ಎಲ್ಲರಿಗೂ ಹೊಳೆಯುವಂಥದ್ದೇ: 35,40,000ವನ್ನು 7,800ರಿಂದ ಭಾಗಿಸಿ, ಬರುವ ವರ್ಷ ಗಂಟೆಗೆ 454 ಹಾಕಿಬಿಡೋಣ. ನಾನು ಬೇಡವೆಂದೆ. ಹಾಗೆ ಮಾಡಿದರೆ ನಿಂತ ಯಂತ್ರದ ಬಾಡಿಗೆಯನ್ನು ಓಡುವ ಯಂತ್ರದ ಗಿರಾಕಿಯಿಂದ ಕೇಳಿದ ಹಾಗೆ. ಪಕ್ಕದ ಶೆಡ್ಡಿನವನು ಹಳೆಯ ದರಕ್ಕೇ ಮಾಡಿಕೊಡುತ್ತಾನೆ, ಆರ್ಡರ್ ಇನ್ನಷ್ಟು ಇಳಿಯುತ್ತದೆ, ಮುಂದಿನ ಏಪ್ರಿಲ್‌ನಲ್ಲಿ ದರ 500 ದಾಟುತ್ತದೆ. ಅಂದಾಜು ಮಾಡುವಾಗಲೇ ಬಾಡಿಗೆ ತಪ್ಪು ಹಿಡಿದಿದ್ದರೆ ಮಾತು ಬೇರೆ. ಆಗ ಪೂರಕ ದರ ಲೆಕ್ಕಹಾಕಿ, ಮಾರಿದ ಮಾಲಿಗೂ ಗೋದಾಮಿನ ಮಾಲಿಗೂ ಹಂಚಬಹುದು. ನಿಂತ ಗಂಟೆಗಳ ನಷ್ಟ ಮಾತ್ರ ನೇರವಾಗಿ ಆ ವರ್ಷದ ಲಾಭನಷ್ಟದ ಲೆಕ್ಕಕ್ಕೆ ಹೋಗಬೇಕು. ದಾಸ್ತಾನಿನ ಮೌಲ್ಯ ಕಟ್ಟುವ ಲೆಕ್ಕಪತ್ರ ಮಾನದಂಡ ಎಎಸ್ 2 ಕೂಡ ಇದನ್ನೇ ಹೇಳುತ್ತದೆ: ಸ್ಥಿರ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಬೇಕು, ಉತ್ಪಾದನೆ ಇಳಿಯಿತೆಂದು ಒಂದೊಂದು ನಗದ ಪಾಲನ್ನು ಏರಿಸುವಂತಿಲ್ಲ. ಗೋದಾಮಿನಲ್ಲಿ ಉಳಿದ ಬುಶ್ಶುಗಳ ಓವರ್‌ಹೆಡ್ 40 ರೂಪಾಯಿಯೇ, 45 ಅಲ್ಲ.

ಈಗ ಅವರು ಮಾರ್ಚ್‌ವರೆಗೆ ಕಾಯುವುದಿಲ್ಲ. ತಿಂಗಳ ಕೊನೆಗೆ ಓಡಿದ ಗಂಟೆಯನ್ನು 400ರಿಂದ ಗುಣಿಸಿ, ಆ ತಿಂಗಳ ಖರ್ಚಿನ ಪಕ್ಕ ಬರೆಯುತ್ತಾರೆ. ಆಯುಧಪೂಜೆ, ದೀಪಾವಳಿಯ ತಿಂಗಳಲ್ಲಿ ಕೊರತೆ ಕಂಡರೆ ಗಾಬರಿ ಇಲ್ಲ, ರಜೆಗಳನ್ನು ಕಳೆದೇ 300 ದಿನ ಹಿಡಿದದ್ದು. ಅದನ್ನು ಮುಂದಿನ ತಿಂಗಳಿಗೆ ಒಯ್ಯುತ್ತಾರೆ. ರಜೆಯಿಲ್ಲದ ಎರಡು ತಿಂಗಳು ಸಾಲಾಗಿ ಕೊರತೆ ಬಂದರೆ ಲಾಗ್ ಪುಸ್ತಕ ತೆರೆಯುತ್ತಾರೆ.

ಮೊನ್ನೆ ಫೋನ್ ಮಾಡಿದ್ದರು. ಅದೇ ಬುಶ್ಶಿಗೆ ಹೊಸ ಗಿರಾಕಿ 100 ರೂಪಾಯಿ ಕೇಳುತ್ತಿದ್ದಾನೆ, ಅಸಲೇ 110, ಏನು ಮಾಡಲಿ ಎಂದು. ಯಾವ ಯಂತ್ರದಲ್ಲಿ ಹಾಕುತ್ತೀರಿ ಎಂದು ಕೇಳಿದೆ. ನಾಲ್ಕನೆಯದು ಖಾಲಿ ನಿಂತಿದೆಯಂತೆ. ಖಾಲಿ ಯಂತ್ರದಲ್ಲಿ ಆ ಬುಶ್ಶಿಗೆ ಹೊಸದಾಗಿ ಆಗುವ ಖರ್ಚು ಉಕ್ಕು 55, ಕೂಲಿ 15, ಕರೆಂಟು 6, ಒಟ್ಟು 76. ಮಿಕ್ಕ 24 ಬಾಡಿಗೆಯ ಕಡೆಗೆ ಬರುತ್ತದೆ. ‘ಮೂರು ತಿಂಗಳಿಗೆ ಮಾತ್ರ ಒಪ್ಪಿಕೊಳ್ಳಿ, ಹಳೇ ಗಿರಾಕಿ ಶೆಡ್ಯೂಲ್ ಏರಿಸಿದ ದಿನ ಈ ರೇಟು ಇರಲ್ಲ ಅಂತ ಆರ್ಡರ್‌ನಲ್ಲೇ ಬರೆಸಿ’ ಎಂದೆ. ‘ಬರೆಸ್ತೀನಿ ಸಾರ್, ಆದ್ರೆ ಚೀಟೀಲಿ ಲಾಸ್ ಅಂತಲೇ ತೋರಿಸುತ್ತಲ್ಲ’ ಎಂದರು. ತೋರಿಸಲಿ, ಪಕ್ಕದಲ್ಲಿ ನಾಲ್ಕನೇ ಯಂತ್ರ ಎಂದು ಬರೆದಿಡಿ ಎಂದೆ.